ಕಂಬಳಿ, ತಣ್ಣೀರು ಮತ್ತು ಒದ್ದೆಬಟ್ಟೆ

ಮಳೆ ಹಿಂದೆಗೆದು ಚಳಿ ಕಾಲಿಡುವ ಕಾರ್ತಿಕ ಮಾಸದಲ್ಲಿ ದೇವನಹಳ್ಳಿಯ ಸುತ್ತಲಿನ ಊರುಗಳಲ್ಲಿ ಜ್ವರದ ಮಾತು ಹೆಚ್ಚಾಗಿ ಕೇಳಿಬರುತ್ತದೆ. ಅಂಥ ಒಂದು ಊರಿನ ರೈತನ ಮನೆಯಲ್ಲಿ, ಇಪ್ಪತ್ತು ಕಿಲೋ ತೂಕದ ಏಳು ವರ್ಷದ ಹುಡುಗನೊಬ್ಬನಿಗೆ ಸಂಜೆಯ ವೇಳೆಗೆ ಜ್ವರ ಬಂದಿತೆಂದು ಊಹಿಸೋಣ. ಹುಡುಗ ಹಲ್ಲು ಕಟಕಟಿಸುತ್ತ ಮುದುಡಿ ಮಲಗಿದ್ದಾನೆ. ಅಜ್ಜಿ ಎರಡು ಕಂಬಳಿಗಳನ್ನು ಹೊದಿಸಿ, ಕಿಟಕಿ ಮುಚ್ಚಿ, “ಬೆವರು ಬಿಡಲಿ, ಜ್ವರ ತಾನೇ ಇಳಿಯುತ್ತದೆ” ಎನ್ನುತ್ತಾಳೆ. ಹಣೆ ಮುಟ್ಟಿ ನೋಡಿದ ಸೋದರಮಾವ, “ಮೈ ಕೆಂಡದಂತಿದೆಯಲ್ಲ, ತಣ್ಣೀರು ಹೊಯ್ಯಿ ಅಕ್ಕ” ಎನ್ನುತ್ತಾನೆ. ತಾಯಿ ಬಟ್ಟೆಯೊಂದನ್ನು ನೀರಿನಲ್ಲಿ ಅದ್ದಿ ಕೈಯಲ್ಲಿ ಹಿಡಿದು, ಯಾರ ಮಾತನ್ನು ಕೇಳಬೇಕೆಂದು ತಿಳಿಯದೆ ನಿಂತಿದ್ದಾಳೆ.

ಈ ಮೂರು ಉಪಾಯಗಳಲ್ಲಿ ಯಾವುದು ಹಿತ, ಯಾವುದು ಅಹಿತ? ಇದಕ್ಕೆ ಉತ್ತರ ಹೇಳಬೇಕಾದರೆ ಜ್ವರವೆಂದರೇನು ಎಂಬುದನ್ನು ಮೊದಲು ಅರಿಯಬೇಕು.

ಇಸ್ತ್ರಿ ಪೆಟ್ಟಿಗೆಯ ಗುಂಡಿಯನ್ನು ಒಂದು ಗುರುತಿಗೆ ತಿರುಗಿಸಿಟ್ಟರೆ, ಪೆಟ್ಟಿಗೆಯು ಅಷ್ಟು ಬಿಸಿಯಾಗುವವರೆಗೆ ವಿದ್ಯುತ್ತನ್ನು ಎಳೆದುಕೊಂಡು ಅನಂತರ ನಿಲ್ಲಿಸುತ್ತದೆ. ನಮ್ಮ ಮಿದುಳಿನ ತಳಭಾಗದಲ್ಲಿರುವ ಹೈಪೊಥಲಾಮಸ್ ಎಂಬ ಅಂಗವೂ ಇಂಥದೇ ಒಂದು ಗುರುತನ್ನು ಇಟ್ಟುಕೊಂಡಿದೆ. ಆರೋಗ್ಯವಂತರಲ್ಲಿ ಅದು ಸುಮಾರು 37 ಡಿಗ್ರಿ ಸೆಲ್ಸಿಯಸ್, ಅಂದರೆ 98.6 ಡಿಗ್ರಿ ಫ್ಯಾರನ್‌ಹೀಟ್. ರೋಗಾಣುಗಳು ದೇಹವನ್ನು ಹೊಕ್ಕಾಗ ರಕ್ತದಲ್ಲಿ ಹುಟ್ಟುವ ಕೆಲವು ವಸ್ತುಗಳು ಈ ಗುರುತನ್ನು ಮೇಲಕ್ಕೆ ಏರಿಸುತ್ತವೆ. ಹುಡುಗನ ಗುರುತು ಈಗ 39.5 ಡಿಗ್ರಿಗೆ ಏರಿದೆ ಎನ್ನೋಣ. ಅವನ ಮೈ 38 ಡಿಗ್ರಿ ಇದ್ದರೂ ಮಿದುಳಿಗೆ ಅದು ಸಾಲದು. ಆದುದರಿಂದಲೇ ಮೈ ಸುಡುತ್ತಿರುವಾಗಲೂ ಅವನಿಗೆ ಚಳಿ. ಶಾಖ ಹೊರಹೋಗದಂತೆ ಚರ್ಮದ ರಕ್ತನಾಳಗಳು ಕುಗ್ಗುತ್ತವೆ; ಕೈಕಾಲುಗಳು ತಣ್ಣಗಾಗುತ್ತವೆ; ಸ್ನಾಯುಗಳು ನಡುಗಿ ಹೊಸ ಶಾಖವನ್ನು ಹುಟ್ಟಿಸುತ್ತವೆ.

ಮೈಯ ಶಾಖ ಆ ಗುರುತನ್ನು ಮುಟ್ಟಿದಾಗ ನಡುಕ ನಿಲ್ಲುತ್ತದೆ. ಹುಡುಗ ಹೊದಿಕೆಯನ್ನು ಒದೆಯತೊಡಗುತ್ತಾನೆ. ಕಡೆಗೆ ಔಷಧದಿಂದಲೋ ರೋಗ ಶಮನವಾದುದರಿಂದಲೋ ಗುರುತು ಕೆಳಗಿಳಿದಾಗ, ಹೆಚ್ಚಾದ ಶಾಖವನ್ನು ಹೊರಹಾಕಲು ದೇಹ ಬೆವರುತ್ತದೆ. ಅಜ್ಜಿಯ ತರ್ಕದಲ್ಲಿನ ತೊಡಕು ಇಲ್ಲಿದೆ. ಬೆವರು ಬಂದುದರಿಂದ ಜ್ವರ ಬಿಡುವುದಲ್ಲ; ಜ್ವರ ಬಿಡತೊಡಗಿದುದರಿಂದ ಬೆವರು ಬರುತ್ತದೆ. ಕಂಬಳಿಯು ಗುರುತನ್ನು ಇಳಿಸಲಾರದು. ನಡುಗುತ್ತಿರುವಾಗ ತೆಳುವಾದ ಒಂದು ಹೊದಿಕೆ ಹಿತಕರವೇ ಹೌದು. ಆದರೆ ನಡುಕ ನಿಂತ ಮೇಲೂ ಎರಡು ಕಂಬಳಿಗಳನ್ನು ಬಿಟ್ಟರೆ ಹೊರಹೋಗಬೇಕಾದ ಶಾಖ ಒಳಗೇ ಉಳಿಯುತ್ತದೆ, ದೇಹದ ನೀರು ವ್ಯರ್ಥವಾಗಿ ಹರಿದುಹೋಗುತ್ತದೆ. ಹೊದಿಕೆಯನ್ನು ಒದೆಯಲಾರದ ಹಸುಗೂಸುಗಳಿಗೆ ಇದು ಇನ್ನಷ್ಟು ಅಪಾಯಕರ.

ಸೋದರಮಾವನ ಸಲಹೆಯೂ ಆಧಾರವಿಲ್ಲದ್ದೇನಲ್ಲ. ಜರ್ಮನ್ ವೈದ್ಯನಾದ ಅರ್ನ್‌ಸ್ಟ್ ಬ್ರಾಂಡ್ 1861ರಲ್ಲಿ ವಿಷಮಶೀತಜ್ವರದ ರೋಗಿಗಳನ್ನು ಮತ್ತೆ ಮತ್ತೆ ತಣ್ಣೀರಿನ ತೊಟ್ಟಿಯಲ್ಲಿ ಕೂರಿಸುವ ಚಿಕಿತ್ಸೆಯನ್ನು ಪ್ರಚಾರಕ್ಕೆ ತಂದನು. ಅನೇಕ ದೊಡ್ಡ ಆಸ್ಪತ್ರೆಗಳು ಅದನ್ನು ದಶಕಗಳ ಕಾಲ ಅನುಸರಿಸಿದವು. ಆ ರೋಗಕ್ಕೆ ಆಗ ಬೇರೆ ಮದ್ದಿರಲಿಲ್ಲ. ಆದರೆ ಗುರುತು ಮೇಲಿರುವಾಗ ತಣ್ಣೀರು ಸುರಿದರೆ ಮಿದುಳು ಅದನ್ನು ಹೊರಗಿನಿಂದ ಬಂದ ಆಕ್ರಮಣವೆಂದೇ ಎಣಿಸುತ್ತದೆ. ಚರ್ಮದ ರಕ್ತನಾಳಗಳು ಮತ್ತಷ್ಟು ಕುಗ್ಗುತ್ತವೆ, ನಡುಕ ಮರಳುತ್ತದೆ. ಥರ್ಮಾಮೀಟರಿನ ಅಂಕಿ ಸ್ವಲ್ಪ ಹೊತ್ತು ಇಳಿದಂತೆ ಕಂಡು ಪುನಃ ಏರುತ್ತದೆ. ಹುಡುಗನಿಗೆ ದೊರೆಯುವುದು ದಣಿವು ಮಾತ್ರ.

ಇನ್ನು ತಾಯಿಯ ಕೈಯಲ್ಲಿರುವ ಒದ್ದೆಬಟ್ಟೆ. ಮಣ್ಣಿನ ಹೂಜಿಯ ನೀರು ತಣ್ಣಗಾಗುವುದು ಅದರ ಮೈಯಿಂದ ಒಸರಿದ ನೀರು ಆವಿಯಾಗುವಾಗ ಶಾಖವನ್ನು ಒಯ್ಯುವುದರಿಂದ. ಮೈ ಒರೆಸಿದಾಗಲೂ ನಡೆಯುವುದು ಇದೇ. ಚರ್ಮದ ಮೇಲಿನ ಒಂದು ಗ್ರಾಂ ನೀರು ಆವಿಯಾಗಲು ಸುಮಾರು 580 ಕ್ಯಾಲೊರಿ ಶಾಖ ಬೇಕು. ಇಪ್ಪತ್ತು ಕಿಲೋ ತೂಕದ ದೇಹ ಒಂದು ಡಿಗ್ರಿ ತಣಿಯಲು ಸುಮಾರು 16,600 ಕ್ಯಾಲೊರಿ ಹೊರಹೋಗಬೇಕು. ಅಂದರೆ, ದೇಹ ಹೊಸ ಶಾಖವನ್ನು ಹುಟ್ಟಿಸದೆ ಸುಮ್ಮನಿದ್ದರೆ, ಆರು ಚಹಾಚಮಚದಷ್ಟು ನೀರು ಮೈಮೇಲೆ ಆರಿದರೆ ಸಾಕು! ಆದುದರಿಂದ ತಣಿಸುವುದು ನೀರಿನ ತಂಪಲ್ಲ, ನೀರು ಆರುವ ಕ್ರಿಯೆ. ನೀರು ಉಗುರುಬೆಚ್ಚಗಿರಬೇಕು; ಒರೆಸಿದ ಮೈಯನ್ನು ಗಾಳಿಗೆ ಆರಲು ಬಿಡಬೇಕು. ಒದ್ದೆಬಟ್ಟೆಯನ್ನು ಮೈಗೆ ಸುತ್ತಿ ಮೇಲೆ ಕಂಬಳಿ ಹೊದಿಸಿದರೆ ನೀರು ಆರುವುದಿಲ್ಲ. ಮಂಜುಗಡ್ಡೆಯಾಗಲಿ ಸ್ಪಿರಿಟ್ಟಾಗಲಿ ಸಲ್ಲದು; ಸ್ಪಿರಿಟ್ಟು ಚರ್ಮ ಮತ್ತು ಉಸಿರಿನ ಮೂಲಕ ಮಗುವಿನ ರಕ್ತವನ್ನು ಸೇರಿ ವಿಷವಾಗಬಲ್ಲದು.

ಆದರೆ ದೇಹ ಸುಮ್ಮನಿರುವುದಿಲ್ಲ. ಗುರುತು ಇಳಿಯುವವರೆಗೆ ಅದು ಕಳೆದುಕೊಂಡ ಶಾಖವನ್ನು ಮತ್ತೆ ಗಳಿಸಿಕೊಳ್ಳುತ್ತದೆ. ಹೀಗಾಗಿ ಒರೆಸುವುದರ ಫಲ ಅಲ್ಪಕಾಲದ್ದು. 2007ರಲ್ಲಿ ಪ್ರಕಟವಾದ ಬ್ರಿಟನ್ನಿನ ವೈದ್ಯಕೀಯ ಮಾರ್ಗಸೂಚಿಯು ಜ್ವರದ ಮಕ್ಕಳ ಮೈ ಒರೆಸುವುದನ್ನು ಚಿಕಿತ್ಸೆಯೆಂದು ಒಪ್ಪಲಿಲ್ಲ. ಅತಿಯಾಗಿ ಹೊದಿಸುವುದೂ ಬಟ್ಟೆ ಬಿಚ್ಚಿ ಬಿಡುವುದೂ ಎರಡೂ ಬೇಡವೆಂದಿತು. ಗುರುತನ್ನೇ ಇಳಿಸಬಲ್ಲದು ಪ್ಯಾರಸಿಟಮಾಲ್. ಮಗುವಿನ ತೂಕದ ಪ್ರತಿ ಕಿಲೋಗೆ 15 ಮಿಲಿಗ್ರಾಂನಂತೆ ಈ ಹುಡುಗನಿಗೆ 300 ಮಿಲಿಗ್ರಾಂ ಸಾಕು. ಎರಡು ಸರದಿಗಳ ನಡುವೆ ನಾಲ್ಕರಿಂದ ಆರು ಗಂಟೆಗಳ ಅಂತರವಿರಬೇಕು. ದಿನಕ್ಕೆ ನಾಲ್ಕು ಸಲ ಮೀರಬಾರದು. ಔಷಧ ಕೊಟ್ಟು ಅರ್ಧ ಗಂಟೆ ಕಳೆದ ಮೇಲೆ, ನಡುಕವಿಲ್ಲದಿದ್ದರೆ, ಹಿತವೆನಿಸುವುದಾದರೆ ಮೈ ಒರೆಸಬಹುದು. ಮಗು ನಡುಗಿದೊಡನೆ ನಿಲ್ಲಿಸಬೇಕು. ಜ್ವರದಲ್ಲಿ ಉಪವಾಸವೇ ಮದ್ದೆಂದು ನೀರನ್ನೂ ತಡೆಯುವ ಪದ್ಧತಿ ಮಾತ್ರ ಕೇಡಿನದು. ರಾಗಿಗಂಜಿ, ಮಜ್ಜಿಗೆ, ಎಳನೀರು, ದೇವನಹಳ್ಳಿಯದೇ ಹೆಸರಾಂತ ಚಕ್ಕೋತ ಹಣ್ಣಿನ ರಸ, ಹುಡುಗ ಯಾವುದನ್ನು ಬಯಸಿದರೂ ಸ್ವಲ್ಪಸ್ವಲ್ಪವಾಗಿ ಕೊಡುತ್ತಿರಬೇಕು.

ತಣ್ಣೀರು ಪ್ರಾಣವನ್ನು ಉಳಿಸುವ ಸಂದರ್ಭವೂ ಒಂದುಂಟು. ಬೇಸಗೆಯ ಬಿಸಿಲಲ್ಲಿ ದುಡಿಯುವವನೊಬ್ಬ ಮೈ ಸುಡುತ್ತ, ತೊದಲುತ್ತ, ಪ್ರಜ್ಞೆ ತಪ್ಪಿ ಬಿದ್ದರೆ ಅದು ಜ್ವರವಲ್ಲ, ಉಷ್ಣಾಘಾತ. ಅವನಲ್ಲಿ ಗುರುತು ಏರಿಲ್ಲ. ಶಾಖವನ್ನು ಹೊರಹಾಕುವ ವ್ಯವಸ್ಥೆಯೇ ಸೋತಿದೆ. ಅಲ್ಲಿ ಪ್ಯಾರಸಿಟಮಾಲ್ ನಿಷ್ಪ್ರಯೋಜಕ. ನೆರಳಿಗೆ ತಂದು, ಮೈಮೇಲೆ ತಣ್ಣೀರು ಸುರಿದು, ಗಾಳಿ ಬೀಸುತ್ತ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಇವೆಲ್ಲದರ ನಡುವೆ ನಮ್ಮ ರೈತನ ಮನೆಯವರು ಅಂಕಿಗಿಂತ ಹುಡುಗನನ್ನೇ ಗಮನಿಸಬೇಕು. ಡೆಂಗಿ ಜ್ವರದಲ್ಲಿ ಸಾಮಾನ್ಯವಾಗಿ ಮೂರರಿಂದ ಏಳನೆಯ ದಿನದೊಳಗೆ ಮೈ ತಣ್ಣಗಾಗುತ್ತದೆ. ನಿಜವಾದ ಅಪಾಯ ಆರಂಭವಾಗುವುದೂ ಆಗಲೇ. ಆದಕಾರಣ ಡೆಂಗಿಯ ಶಂಕೆಯಿರುವಲ್ಲಿ ರಕ್ತಸ್ರಾವವನ್ನು ಹೆಚ್ಚಿಸುವ ಆಸ್ಪಿರಿನ್, ಐಬುಪ್ರೊಫೆನ್‌ಗಳನ್ನು ಕೊಡಲಾಗದು. ಜ್ವರ ಇಳಿದ ಹುಡುಗ ಗಂಜಿ ಕೇಳಿ, ಎದ್ದು ಕುಳಿತರೆ ಅದು ಗುಣದ ಲಕ್ಷಣ. ಮೈ ತಣ್ಣಗಿದ್ದೂ ಹೊಟ್ಟೆನೋವು, ಬಿಡದ ವಾಂತಿ, ಒಸಡಿನಲ್ಲಿ ರಕ್ತ, ಮಂಪರು ಕಂಡರೆ, ಇಲ್ಲವೆ ಮೂತ್ರ ಕಡಿಮೆಯಾದರೆ, ಕಂಬಳಿಯ ಚರ್ಚೆಯನ್ನು ಬಿಟ್ಟು ಆ ರಾತ್ರಿಯೇ ಗಾಡಿ ಹುಡುಕಿ ಆಸ್ಪತ್ರೆಗೆ ಹೊರಡಬೇಕು.