ತೆಳುಬಟ್ಟೆಗೆ ಫ್ರೆಂಚ್ ಹೊಲಿಗೆ

ಮಲ್‌ಮಲ್ ಕುರ್ತಾ ತೊಟ್ಟು ಬಿಸಿಲಿಗೆ ನಿಂತರೆ ಪಕ್ಕದ ಹೊಲಿಗೆಯ ಒಳಗಿರುವುದೆಲ್ಲ ಹೊರಗೇ ಕಾಣುತ್ತದೆ. ಓವರ್‌ಲಾಕ್ ಮಾಡಿಸಿದ್ದರೆ ಅದರ ದಾರಗಳು ದಪ್ಪ ಗೆರೆಯಾಗಿ ಎದ್ದು ಕಾಣುತ್ತವೆ. ಹಾಗೇ ಬಿಟ್ಟಿದ್ದರೆ ಒಗೆದಂತೆಲ್ಲ ಅಂಚು ಎಳೆ ಬಿಡುತ್ತಾ ಹೊಲಿಗೆಯ ಹತ್ತಿರಕ್ಕೇ ಬರುತ್ತದೆ. ಇಂಥ ಬಟ್ಟೆಯ ನೇಯ್ಗೆ ಸಡಿಲ, ನೂಲು ಸಣ್ಣದು. ಕತ್ತರಿಸಿದ ಅಂಚಿನಿಂದ ಎಳೆ ಸುಲಭವಾಗಿ ಜಾರುತ್ತದೆ. ಆ ಅಂಚನ್ನೇ ಬಟ್ಟೆಯೊಳಗೆ ಮುಚ್ಚಿಬಿಡುವುದು ಫ್ರೆಂಚ್ ಹೊಲಿಗೆ.

ಕುರ್ತಾದ ಪಕ್ಕದ ಹೊಲಿಗೆಯನ್ನೇ ತೆಗೆದುಕೊಳ್ಳೋಣ. ಹೊಲಿಗೆಗೆಂದು 15 ಮಿಲಿಮೀಟರ್ ಬಿಟ್ಟು ಕತ್ತರಿಸಿದ್ದೀರಿ. ಬಟ್ಟೆ ಜಾರುತ್ತಿದ್ದರೆ ಮೊದಲೇ ತೆಳುವಾಗಿ ಗಂಜಿ ಹಾಕಿ ಇಸ್ತ್ರಿ ಮಾಡಿಕೊಳ್ಳಿ, ಕೈಗೆ ಹಿಡಿತ ಸಿಗುತ್ತದೆ. ಯಂತ್ರಕ್ಕೆ 9ನೇ ನಂಬರಿನ ಹೊಸ ಸೂಜಿ ಇರಲಿ. ಈಗ ಮುಂಭಾಗ ಮತ್ತು ಹಿಂಭಾಗದ ಒಳಮೈಗಳು ಒಂದಕ್ಕೊಂದು ತಾಗುವಂತೆ ಇಡಬೇಕು. ಸಾಮಾನ್ಯ ಹೊಲಿಗೆಯ ಅಭ್ಯಾಸವಿದ್ದವರಿಗೆ ಇದು ತಲೆಕೆಳಗಾಗಿ ಕಂಡೀತು, ಆದರೆ ಕ್ರಮ ಇದೇ. ಅಂಚಿನಿಂದ 9 ಮಿಲಿಮೀಟರ್ ಒಳಗೆ ಮೊದಲ ಹೊಲಿಗೆ ಹಾಕಿ.

ಇನ್ನು ಕತ್ತರಿಯ ಕೆಲಸ. ನನ್ನ ಮಟ್ಟಿಗೆ ಇಡೀ ಹೊಲಿಗೆಯ ಅಂದ ನಿಂತಿರುವುದು ಇಲ್ಲೇ. ಹೊಲಿಗೆಯಾಚೆಗಿನ 9 ಮಿಲಿಮೀಟರ್ ಅಂಚನ್ನು 3ಕ್ಕೆ ಇಳಿಸಬೇಕು, ಉದ್ದಕ್ಕೂ ಒಂದೇ ಸಮನಾಗಿ. ಎರಡೂ ಪಕ್ಕಗಳನ್ನು ಒಟ್ಟಿಗೆ ಕತ್ತರಿಸಿಟ್ಟು ಊಟಕ್ಕೆ ಏಳಬೇಡಿ. ಇಷ್ಟು ಕಿರಿದಾದ ಅಂಚು ಕೈ ತಾಗಿದಷ್ಟೂ ಎಳೆ ಬಿಡುತ್ತದೆ. ಒಂದು ಪಕ್ಕ ಕತ್ತರಿಸಿ, ಅದನ್ನು ಮುಗಿಸಿಯೇ ಇನ್ನೊಂದಕ್ಕೆ ಹೋಗುವುದು ಒಳ್ಳೆಯದು.

ಕತ್ತರಿಸಿದ ಅಂಚನ್ನು ಒಂದು ಬದಿಗೆ ಇಸ್ತ್ರಿ ಮಾಡಿ, ಬಟ್ಟೆ ಮಗುಚಿ, ಈಗ ಹೊರಮೈಗಳು ತಾಗುವಂತೆ ಮಡಿಸಿ. ಮೊದಲ ಹೊಲಿಗೆ ಮಡಿಕೆಯ ತುದಿಯಲ್ಲೇ ಕೂರಬೇಕು. ಹೆಬ್ಬೆರಳು, ತೋರುಬೆರಳಿನ ನಡುವೆ ಹೊಸೆದರೆ ಅದು ತಾನಾಗಿ ತುದಿಗೆ ಬರುತ್ತದೆ. ಮತ್ತೆ ಇಸ್ತ್ರಿ ಮಾಡಿ, ಮಡಿಕೆಯಿಂದ 6 ಮಿಲಿಮೀಟರ್ ಬಿಟ್ಟು ಎರಡನೇ ಹೊಲಿಗೆ ಹಾಕಿ. 9 ಮತ್ತು 6 ಸೇರಿ 15 ಆಯಿತು, ಕುರ್ತಾದ ಅಳತೆ ಕೆಡಲಿಲ್ಲ. 3 ಮಿಲಿಮೀಟರಿನ ಅಂಚು 6ರ ಒಳಗೆ ಆರಾಮವಾಗಿ ಅಡಗಿತು.

ಮುಗಿದ ಮೇಲೆ ಹೊರಮೈಯನ್ನು ಬೆಳಕಿಗೆ ಹಿಡಿದು ನೋಡಿ. ಹೊಲಿಗೆಯ ಸಾಲಿನಿಂದ ಎಳೆಗಳು ಮೀಸೆಯಂತೆ ಇಣುಕುತ್ತಿದ್ದರೆ, ಕತ್ತರಿಸಿದ್ದು ಸಾಲದು ಅಥವಾ ಎರಡನೇ ಹೊಲಿಗೆ ಮಡಿಕೆಗೆ ತೀರ ಹತ್ತಿರವಾಯಿತು. ಹೊರಗಿನಿಂದ ಎಳೆ ಕತ್ತರಿಸಿದರೆ ಒಗೆದಾಗ ಮತ್ತೆ ಬರುತ್ತದೆ. ಎರಡನೇ ಹೊಲಿಗೆ ಬಿಚ್ಚಿ, ಅಂಚು ಸರಿಮಾಡಿ, ಮತ್ತೆ ಹಾಕುವುದೇ ದಾರಿ.

ಕಂಕುಳಿನ ಆಳವಾದ ತಿರುವಿಗೆ ಇದು ಅಷ್ಟಾಗಿ ಒಗ್ಗದು. ಅಲ್ಲಿ ಮಡಿಕೆ ಬಾಗಲೊಲ್ಲದೆ ನೆರಿಗೆ ಬೀಳುತ್ತದೆ. ತೆಳುಬಟ್ಟೆಯದೇ ಕಿರಿದಾದ ಪಟ್ಟಿ ಸುತ್ತಿ ಅಂಚು ಮುಚ್ಚುವುದು ಮೇಲು. ಅಂಚು ಕತ್ತರಿಸಿ ಹೋಗಿರುವುದರಿಂದ ಮುಂದೆ ಬಟ್ಟೆ ಬಿಗಿಯಾದರೆ ಬಿಚ್ಚಿ ಸಡಿಲಿಸಲೂ ಆಗದು. ಹಾಗಾಗಿ ಕಚ್ಚಾ ಹೊಲಿಗೆ ಹಾಕಿ, ಮೈಗೆ ತೊಡಿಸಿ ನೋಡಿದ ಮೇಲೆಯೇ ಕತ್ತರಿ ಎತ್ತಿಕೊಳ್ಳಬೇಕು.