ಸಿಒಪಿಡಿ ರೋಗಿಗೆ ಆಕ್ಸಿಜನ್ ಅತಿಯಾದರೆ

ಬೀಡಿಯ ಹೊಗೆಯನ್ನೋ ಸೌದೆ ಒಲೆಯ ಹೊಗೆಯನ್ನೋ ವರ್ಷಗಟ್ಟಲೆ ಕುಡಿದು ಶ್ವಾಸಕೋಶ ಹಾಳಾದವರಿಗೆ ಬರುವ ಕಾಯಿಲೆ ಸಿಒಪಿಡಿ. ಇಂಥವರಲ್ಲಿ ಕೆಲವರಿಗೆ ದಮ್ಮು ಜೋರಾದಾಗ ಆಕ್ಸಿಜನ್ ಅಳತೆ ಮೀರಿ ಕೊಟ್ಟರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತದೆ. ಆಕ್ಸಿಜನ್ ಸಾಕಾದೊಡನೆ ಉಸಿರಾಡುವ ಒತ್ತಾಸೆ ತಗ್ಗಿ, ಉಸಿರು ನಿಧಾನವಾಗುವುದೇ ಇದಕ್ಕೆ ಕಾರಣ ಎಂದು ಬಹುಕಾಲ ಕಲಿಸುತ್ತ ಬಂದರು. ಅದು ಸುಳ್ಳಲ್ಲ, ಆದರೆ ಅದರ ಪಾಲು ಚಿಕ್ಕದು.

1980ರಲ್ಲಿ ಓಬಿಯೆ ಮತ್ತು ಸಂಗಡಿಗರು ಇದನ್ನು ಅಳೆದು ನೋಡಿದರು. ತೀವ್ರ ಸ್ಥಿತಿಯಲ್ಲಿದ್ದ 22 ರೋಗಿಗಳಿಗೆ 15 ನಿಮಿಷ ಶುದ್ಧ ಆಕ್ಸಿಜನ್ ಕೊಟ್ಟರು. ಉಸಿರಾಟ ಮೊದಲು ತುಸು ಕುಸಿದರೂ ಬೇಗ ಚೇತರಿಸಿಕೊಂಡು ಮೊದಲಿನ ಶೇ. 93ರಷ್ಟಕ್ಕೆ ಮರಳಿತು. ಆದರೂ ಇಂಗಾಲದ ಡೈಆಕ್ಸೈಡಿನ ಒತ್ತಡ ಸರಾಸರಿ 65ರಿಂದ 88 ಮಿಲಿಮೀಟರಿಗೆ ಏರಿತ್ತು. ಈ 23ರಲ್ಲಿ ಉಸಿರು ತಗ್ಗಿದ್ದರ ಪಾಲು ಸುಮಾರು 5 ಮಾತ್ರ. ಉಳಿದದ್ದು ಎಲ್ಲಿಂದ ಬಂತು?

ದೊಡ್ಡ ಪಾಲು ರಕ್ತದ ಹರಿವಿನದು. ಗಾಳಿ ಸರಿಯಾಗಿ ತಲುಪದ ಗಾಳಿಗೂಡುಗಳಲ್ಲಿ ಆಕ್ಸಿಜನ್ ಕಡಿಮೆ. ಅಲ್ಲಿನ ರಕ್ತನಾಳಗಳು ತಾವಾಗಿಯೇ ಬಿಗಿದುಕೊಂಡು, ರಕ್ತವನ್ನು ಚೆನ್ನಾಗಿ ಗಾಳಿಯಾಡುವ ಕಡೆಗೆ ತಿರುಗಿಸುತ್ತವೆ. ಹಾಳಾದ ಶ್ವಾಸಕೋಶ ಬದುಕಿರುವುದೇ ಈ ಹೊಂದಾಣಿಕೆಯಿಂದ. ಆಕ್ಸಿಜನ್ ತುಂಬಿಸಿದಾಗ ಕೆಟ್ಟ ಗೂಡಿಗೂ ಅದು ಸಿಕ್ಕಿ, ನಾಳಗಳು ಸಡಿಲಗೊಳ್ಳುತ್ತವೆ. ರಕ್ತ ಅತ್ತ ಹರಿಯುತ್ತದೆ, ಆದರೆ ಇಂಗಾಲದ ಡೈಆಕ್ಸೈಡನ್ನು ಹೊರಗೊಯ್ಯುವಷ್ಟು ಗಾಳಿ ಅಲ್ಲಿ ಆಡುವುದಿಲ್ಲ. ಇತ್ತ ಒಳ್ಳೆಯ ಗೂಡುಗಳಲ್ಲಿ ರಕ್ತ ಕಡಿಮೆಯಾಗಿ, ಅಲ್ಲಿ ಆಡುವ ಗಾಳಿಯ ಒಂದು ಭಾಗ ವ್ಯರ್ಥವಾಗುತ್ತದೆ.

ಇನ್ನೊಂದು ಪಾಲು ಹಿಮೋಗ್ಲೋಬಿನ್‌ನದು. ಆಕ್ಸಿಜನ್ ಹೊತ್ತ ಹಿಮೋಗ್ಲೋಬಿನ್ ಇಂಗಾಲದ ಡೈಆಕ್ಸೈಡನ್ನು ಅಷ್ಟಾಗಿ ಹಿಡಿದುಕೊಳ್ಳಲಾರದು. ಬಿಟ್ಟುಕೊಟ್ಟದ್ದು ರಕ್ತದಲ್ಲಿ ಒತ್ತಡ ಹೆಚ್ಚಿಸುತ್ತದೆ. ಹಾಲ್ಡೇನ್ ಮತ್ತು ಸಂಗಡಿಗರು ಇದನ್ನು 1914ರಲ್ಲೇ ತೋರಿಸಿದ್ದರು. ಆರೋಗ್ಯವಂತರು ನಾಲ್ಕು ಉಸಿರು ಜೋರಾಗಿ ಎಳೆದು ಅದನ್ನು ಹೊರಹಾಕುತ್ತಾರೆ. ಈ ರೋಗಿಗೆ ಆ ಶಕ್ತಿ ಉಳಿದಿರುವುದಿಲ್ಲ.

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದಾವುದನ್ನೂ ತೋರಿಸುವುದಿಲ್ಲ. 98 ಎಂದು ಕಂಡು ಮನೆಯವರು ನೆಮ್ಮದಿಯಾಗಿರುವಾಗಲೇ ರೋಗಿ ಮಂಪರಿಗೆ ಜಾರುತ್ತಿರಬಹುದು. ತಲೆನೋವು, ತೊದಲು, ಚಾಚಿದ ಕೈ ಪಟಪಟನೆ ಅದುರುವುದು ಎಚ್ಚರಿಕೆಯ ಗುರುತುಗಳು. ಖಚಿತವಾಗುವುದು ಅಪಧಮನಿಯ ರಕ್ತಪರೀಕ್ಷೆಯಿಂದ. ಆದ್ದರಿಂದಲೇ ಇಂಥ ರೋಗಿಗಳಿಗೆ 88ರಿಂದ 92ರ ಗುರಿ ಇಟ್ಟುಕೊಂಡು, ಅಳತೆಗೆ ಸಿಗುವ ವೆಂಚುರಿ ಮಾಸ್ಕ್‌ನಲ್ಲಿ ಆಕ್ಸಿಜನ್ ಕೊಡುತ್ತಾರೆ. ಟ್ಯಾಸ್ಮೇನಿಯಾದಲ್ಲಿ ಆಂಬುಲೆನ್ಸ್‌ನಿಂದಲೇ ಈ ಕ್ರಮ ಅನುಸರಿಸಿ ನೋಡಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು: ಸಿಒಪಿಡಿ ಖಚಿತವಾಗಿದ್ದವರಲ್ಲಿ ಧಾರಾಳವಾಗಿ ಆಕ್ಸಿಜನ್ ಪಡೆದವರ ಪೈಕಿ ಶೇ. 9, ಅಳೆದು ಪಡೆದವರ ಪೈಕಿ ಶೇ. 2 ಮಂದಿ ಸತ್ತಿದ್ದರು.

ಹೆದರಿ ಆಕ್ಸಿಜನ್ ಥಟ್ಟನೆ ಕಿತ್ತುಹಾಕುವುದು ಇನ್ನೂ ಕೆಟ್ಟದ್ದು. ಗಾಳಿಗೂಡಿನಲ್ಲಿ ಇಂಗಾಲದ ಡೈಆಕ್ಸೈಡ್ ಜಾಗ ಹಿಡಿದಿರುವುದರಿಂದ ಆಕ್ಸಿಜನ್ ಮೊದಲಿಗಿಂತಲೂ ಕೆಳಕ್ಕೆ ಕುಸಿಯುತ್ತದೆ. ಮಟ್ಟ 88ರ ಕೆಳಗಿಳಿಯದಂತೆ ನೋಡಿಕೊಳ್ಳುತ್ತ ಹಂತಹಂತವಾಗಿ ಇಳಿಸಬೇಕು. ರಕ್ತದ ಆಮ್ಲತೆ ಏರಿಯೇ ಇದ್ದರೆ ಮಾಸ್ಕ್ ಮೂಲಕ ಉಸಿರಿಗೆ ಆಸರೆ ಕೊಡುವ ಯಂತ್ರ ಜೋಡಿಸಬೇಕಾಗುತ್ತದೆ.