ಕರೆಂಟು ಹೋದಾಗ ದಾರಿ ತೋರುವ ದೀಪ

1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದ ಕೆಳ ಅಂತಸ್ತಿನಲ್ಲಿದ್ದ ಟ್ರಾನ್ಸ್‌ಫಾರ್ಮರಿಗೆ ಬೆಂಕಿ ಹತ್ತಿತು. ಹೊಗೆ ಬಾಲ್ಕನಿಗೆ ಏರಿತು, ದೀಪಗಳು ಆರಿದವು. ಹೊರದಾರಿ ತೋರಿಸಬೇಕಾದ ತುರ್ತು ದೀಪಗಳು ಬೆಳಗಲಿಲ್ಲ. 59 ಮಂದಿ ಪ್ರಾಣ ಕಳೆದುಕೊಂಡರು. ಇಂಥ ದೀಪ ಹೇಗಿರಬೇಕು ಎಂಬುದನ್ನು ವಿದ್ಯಾರ್ಥಿಗಳೂ ಹೆತ್ತವರೂ ತಿಳಿದಿರುವುದು ಒಳ್ಳೆಯದು.

ಮೊದಲನೆಯ ಪ್ರಶ್ನೆ, ಬೆಳಕು ಎಷ್ಟು ಬೇಕು? ಒಂದು ಮೇಣದ ಬತ್ತಿಯಿಂದ ಒಂದು ಮೀಟರು ದೂರದಲ್ಲಿ ಬೀಳುವ ಬೆಳಕು ಸುಮಾರು ಒಂದು ಲಕ್ಸ್. ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಹೊರಹೋಗುವ ದಾರಿಯ ನಡುಗೆರೆಯಲ್ಲಿ, ನೆಲದ ಮೇಲೆ, ಕನಿಷ್ಠ 10 ಲಕ್ಸ್ ಕೇಳುತ್ತದೆ. ಅಂದರೆ ಅಂಥ ಹತ್ತು ಬತ್ತಿಗಳ ಬೆಳಕು. ಓದಲು ಇದು ಸಾಲದು. ಮೆಟ್ಟಿಲಿನ ಅಂಚು ಕಾಣಲು ಸಾಕು. ಆದರೆ ಒಂದು ಕಡೆ ಕಣ್ಣು ಕುಕ್ಕುವ ಬೆಳಕು, ಮುಂದೆ ಕತ್ತಲೆ ಆದರೆ ಕಣ್ಣು ಒಗ್ಗುವುದರೊಳಗೆ ಕಾಲು ಎಡವುತ್ತದೆ. ಆದ್ದರಿಂದ ಒಂದು ದೊಡ್ಡ ದೀಪಕ್ಕಿಂತ ಹಲವು ಸಣ್ಣ ದೀಪಗಳು ಮೇಲು. ದಾರಿಯ ತಿರುವು, ಪ್ರತಿ ಮೆಟ್ಟಿಲುಸಾಲು, ಕೊನೆಯ ಬಾಗಿಲಿನ ಹೊರಗಡೆ, ಇಲ್ಲೆಲ್ಲ ಅವು ಇರಲೇಬೇಕು.

ಎರಡನೆಯದು, ಎಷ್ಟು ಹೊತ್ತು? ಸಂಹಿತೆಯ ಪ್ರಕಾರ ಒಂದೂವರೆ ಗಂಟೆ. ಒಂದು ಸಭಾಭವನದಲ್ಲಿ 4 ವ್ಯಾಟಿನ 12 ದೀಪಗಳಿವೆ ಎನ್ನೋಣ. ಒಂದು ದೀಪಕ್ಕೆ 4 × 1.5 = 6 ವ್ಯಾಟ್-ಗಂಟೆ ಬೇಕು; ಎಲ್ಲಕ್ಕೂ 72. ಬ್ಯಾಟರಿ ವರ್ಷ ಕಳೆದಂತೆ ಸೊರಗುವುದರಿಂದ ಕೊಳ್ಳುವಾಗ ಇದಕ್ಕಿಂತ ದೊಡ್ಡದನ್ನೇ ಆರಿಸಬೇಕು.

ಈ ಬ್ಯಾಟರಿಯನ್ನು ಎಲ್ಲಿಡಬೇಕು? ಪ್ರತಿ ದೀಪದೊಳಗೂ ಸಣ್ಣ ಬ್ಯಾಟರಿ ಇಡುವುದು ಒಂದು ಪದ್ಧತಿ. ತಂತಿ ಸುಟ್ಟರೂ ದೀಪ ತಾನಾಗಿ ಬೆಳಗುತ್ತದೆ. ಒಂದು ಕೆಟ್ಟರೆ ಹನ್ನೊಂದು ಉಳಿಯುತ್ತವೆ. ಆದರೆ ಹನ್ನೆರಡನ್ನೂ ಬಿಡಿಬಿಡಿಯಾಗಿ ಪರೀಕ್ಷಿಸಬೇಕು, ಮಾಡಿನ ಸೆಕೆಗೆ ಬ್ಯಾಟರಿಯ ಆಯುಷ್ಯವೂ ಕುಂದುತ್ತದೆ. ಒಂದೇ ಕೋಣೆಯಲ್ಲಿ ದೊಡ್ಡ ಬ್ಯಾಟರಿ ಇಟ್ಟು ಎಲ್ಲಕ್ಕೂ ತಂತಿ ಎಳೆಯುವುದು ಇನ್ನೊಂದು. ನೋಡಿಕೊಳ್ಳುವುದು ಸುಲಭ, ಬಾಳಿಕೆ ಹೆಚ್ಚು. ಆದರೆ ಆ ತಂತಿ ಸುಟ್ಟರೆ ಅದರಾಚೆಯ ದೀಪಗಳೆಲ್ಲ ಆರುತ್ತವೆ. ಆದುದರಿಂದ ಬೆಂಕಿ ತಾಳುವ ಬೆಲೆಬಾಳುವ ತಂತಿ, ಬ್ಯಾಟರಿಗೆ ಭದ್ರವಾದ ಕೋಣೆ ಬೇಕು. ನೂರಾರು ದೀಪಗಳ ಆಸ್ಪತ್ರೆಗೆ ಈ ಖರ್ಚು ತಕ್ಕುದು. ನಮ್ಮ ಸಭಾಭವನಕ್ಕೆ ಮೊದಲಿನದೇ ಸರಿ.

ಅಲ್ಲಿಯೂ ಒಂದು ಮೋಸವಿದೆ. ಮೆಟ್ಟಿಲಿನ ತುರ್ತು ದೀಪಕ್ಕೆ ಬೇರೆ ಕೋಣೆಯ ಫ್ಯೂಸಿನಿಂದ ಕರೆಂಟು ಕೊಟ್ಟಿದ್ದರೆ, ಮೆಟ್ಟಿಲಿನ ಫ್ಯೂಸ್ ಮಾತ್ರ ಹೋದಾಗ ಅದು ಬೆಳಗುವುದೇ ಇಲ್ಲ. ಅದರ ಮಟ್ಟಿಗೆ ಕರೆಂಟು ಹೋಗಿಲ್ಲವಲ್ಲ! ಮೆಟ್ಟಿಲಿನ ಮಾಮೂಲು ದೀಪದ ಫ್ಯೂಸನ್ನೇ ತೆಗೆಸಿ ನೋಡಿದರೆ ಇದು ತಿಳಿಯುತ್ತದೆ.

ಗುಂಡಿ ಒತ್ತಿದಾಗ ದೀಪ ಹತ್ತಿದರೆ ಪರೀಕ್ಷೆ ಮುಗಿಯಲಿಲ್ಲ. ಸೊರಗಿದ ಬ್ಯಾಟರಿಯೂ ಕೆಲವು ನಿಮಿಷ ಬೆಳಗೀತು. ತಿಂಗಳಿಗೊಮ್ಮೆ ಹತ್ತಿಸಿ ನೋಡಬೇಕು. ವರ್ಷಕ್ಕೊಮ್ಮೆ, ಭವನದಲ್ಲಿ ಜನರಿಲ್ಲದ ದಿನ, ಪೂರ್ತಿ 90 ನಿಮಿಷ ಉರಿಸಬೇಕು. ನಲವತ್ತನೆಯ ನಿಮಿಷಕ್ಕೆ ಆರಿದ ದೀಪಕ್ಕೆ ಹೊಸ ಬ್ಯಾಟರಿ ಹಾಕಿಸಿ, ಆ ದಿನಾಂಕವನ್ನು ಪುಸ್ತಕದಲ್ಲಿ ಬರೆದಿಡಬೇಕು.